ಗೇರುಬೀಜದ ಪ್ಯಾಕೆಟ್ ತೂಗುವಾಗ ಆಗುವ ಎರಡು ಬಗೆಯ ತಪ್ಪುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ ಒಂದು ಗೇರುಬೀಜ ಕಾರ್ಖಾನೆ ಇದೆ ಎಂದಿಟ್ಟುಕೊಳ್ಳಿ. ಬೀಜವನ್ನು ಬೇಯಿಸಿ, ಒಡೆದು, ಬೋರ್ಮಾದಲ್ಲಿ ಒಣಗಿಸಿ, ಸಿಪ್ಪೆ ತೆಗೆದು, ಗ್ರೇಡ್ ಮಾಡಿದ ಮೇಲೆ ಕೊನೆಯಲ್ಲಿ ಒಂದು ಯಂತ್ರ ಅದನ್ನು ಅರ್ಧ ಕಿಲೋದ ಪೌಚ್‌ಗಳಿಗೆ ತುಂಬುತ್ತದೆ. ಗಂಟೆಗೆ 600 ಪೌಚ್. ಪೌಚಿನ ಮೇಲೆ ಅಚ್ಚಾಗಿರುವುದು 500 ಗ್ರಾಂ. ಯಂತ್ರಕ್ಕೆ ಕೊಟ್ಟಿರುವ ಗುರಿ ಮಾತ್ರ 504 ಗ್ರಾಂ, ಏಕೆಂದರೆ ಯಾವ ಯಂತ್ರವೂ ಪ್ರತಿ ಸಲ ಒಂದೇ ತೂಕ ತುಂಬುವುದಿಲ್ಲ. ಈ ಯಂತ್ರದ ತೂಕ ಸರಾಸರಿಯ ಆಚೆ ಈಚೆ ಹರಡಿಕೊಳ್ಳುವ ಪ್ರಮಾಣ, ಅಂದರೆ ಮಾನಕ ವಿಚಲನೆ, 4 ಗ್ರಾಂ.

ಗಂಟೆಗೊಮ್ಮೆ ಪ್ಯಾಕಿಂಗ್ ವಿಭಾಗದ ಮೇಲ್ವಿಚಾರಕಿ ನಾಲ್ಕು ಪೌಚ್ ತೆಗೆದು, ಖಾಲಿ ಪೌಚಿನ ತೂಕ ಕಳೆದು, ಸರಾಸರಿ ಬರೆದಿಡುತ್ತಾರೆ. ಸರಾಸರಿ 501 ಗ್ರಾಂಗಿಂತ ಕೆಳಗಿದ್ದರೆ ಯಂತ್ರ ನಿಲ್ಲಿಸಬೇಕು ಎಂಬುದು ಅಲ್ಲಿಯ ನಿಯಮ. ಕೆಳಗಿನ ಪ್ರಶ್ನೆಗಳೆಲ್ಲ ಈ ಒಂದು ನಿಯಮದ ಸುತ್ತ ಇವೆ. ಅಂಕಿಗಳು ಲೆಕ್ಕಕ್ಕಾಗಿ ನಾನು ಇಟ್ಟುಕೊಂಡವು. ನಿಮ್ಮ ಯಂತ್ರದ ಅಂಕಿಗಳನ್ನು ಅದೇ ಜಾಗದಲ್ಲಿ ಇಟ್ಟು ನೋಡಬಹುದು.

ಮೊದಲ ಬಗೆಯ ತಪ್ಪು, ಎರಡನೇ ಬಗೆಯ ತಪ್ಪು ಎಂದರೆ ಇಲ್ಲಿ ನಿಜವಾಗಿ ಏನು?

ಗಂಟೆಗೊಮ್ಮೆ ನಡೆಯುವ ಈ ತೂಕ ಒಂದು ಪರೀಕ್ಷೆ. ಪರೀಕ್ಷೆ ಆರಂಭವಾಗುವಾಗ ನಾವು ಒಂದು ಮಾತನ್ನು ಒಪ್ಪಿಕೊಂಡು ಹೊರಡುತ್ತೇವೆ: "ಯಂತ್ರ ಸರಿಯಾಗಿದೆ, ಅದರ ಸರಾಸರಿ 504ರಲ್ಲೇ ಇದೆ." ಇದು ಶೂನ್ಯ ಊಹೆ. ಇದಕ್ಕೆ ಎದುರಾಗಿ ನಿಲ್ಲುವ ಪರ್ಯಾಯ ಊಹೆ: "ಸರಾಸರಿ ಕೆಳಗಿಳಿದಿದೆ." ಎಷ್ಟು ಇಳಿದರೆ ನಮಗೆ ತೊಂದರೆ ಎಂಬುದನ್ನೂ ಹೇಳಿಬಿಡಬೇಕು. ಇಲ್ಲಿ 500 ಗ್ರಾಂಗೆ ಇಳಿದರೆ ತೊಂದರೆ ಎಂದು ಇಟ್ಟುಕೊಳ್ಳೋಣ.

ಯಂತ್ರ ಸರಿಯಾಗಿದ್ದೂ, ಕೈಗೆ ಸಿಕ್ಕ ನಾಲ್ಕು ಪೌಚ್‌ಗಳು ಹೇಗೋ ಹಗುರವಾಗಿದ್ದು, ನಾವು ಯಂತ್ರ ನಿಲ್ಲಿಸಿದರೆ ಅದು ಮೊದಲ ಬಗೆಯ ತಪ್ಪು. ಯಂತ್ರ ಕೆಟ್ಟು 500ಕ್ಕೆ ಇಳಿದಿದ್ದೂ, ಸಿಕ್ಕ ನಾಲ್ಕು ಪೌಚ್‌ಗಳು ಹೇಗೋ ಭಾರವಾಗಿದ್ದು, ನಾವು ಓಡಲು ಬಿಟ್ಟರೆ ಅದು ಎರಡನೆಯದು. ಎರಡರಲ್ಲೂ ತೂಗಿದವರ ಕೈ ತಪ್ಪಿಲ್ಲ, ತಕ್ಕಡಿಯೂ ತಪ್ಪಿಲ್ಲ. ನಾಲ್ಕೇ ಪೌಚ್ ನೋಡಿ 600 ಪೌಚಿನ ಬಗ್ಗೆ ತೀರ್ಮಾನಿಸಿದ್ದರಿಂದ ಬಂದ ತಪ್ಪು ಅದು.

ಒಂದು ವಿಷಯ ಇಲ್ಲೇ ಗಟ್ಟಿ ಮಾಡಿಕೊಳ್ಳಬೇಕು. ಒಂದೇ ಗಂಟೆಯಲ್ಲಿ ಎರಡೂ ತಪ್ಪು ಆಗಲು ಸಾಧ್ಯವಿಲ್ಲ. ಯಂತ್ರ ಸರಿ ಇದ್ದರೆ ಮೊದಲನೆಯದು ಮಾತ್ರ ಆಗಬಹುದು. ಕೆಟ್ಟಿದ್ದರೆ ಎರಡನೆಯದು ಮಾತ್ರ. ಆದ್ದರಿಂದ ಎರಡರ ಸಂಭವನೀಯತೆಗಳನ್ನು ಕೂಡಿಸಿದರೆ 100% ಆಗಬೇಕು ಎಂಬ ಲೆಕ್ಕ ಇಲ್ಲ. ವಿದ್ಯಾರ್ಥಿಗಳ ಉತ್ತರ ಪತ್ರಿಕೆಯಲ್ಲಿ ಇದನ್ನು ಮತ್ತೆ ಮತ್ತೆ ನೋಡುತ್ತೇವೆ: ಮೊದಲ ತಪ್ಪಿನ ಸಂಭವನೀಯತೆಯಾದ ಆಲ್ಫಾ 5% ಆದರೆ ಎರಡನೇ ತಪ್ಪಿನ ಸಂಭವನೀಯತೆಯಾದ ಬೀಟಾ 95% ಎಂದು ಬರೆದಿರುತ್ತಾರೆ. ಅವೆರಡೂ ಬೇರೆ ಬೇರೆ ಸ್ಥಿತಿಯ ಯಂತ್ರಗಳ ಬಗ್ಗೆ ಹೇಳುವ ಅಂಕಿಗಳು.

ಆ ಸಂಭವನೀಯತೆಯನ್ನು ಲೆಕ್ಕ ಹಾಕುವುದು ಹೇಗೆ?

ಒಂದೊಂದು ಪೌಚ್ 4 ಗ್ರಾಂನಷ್ಟು ಆಚೆ ಈಚೆ ಹೋಗುತ್ತದೆ. ನಾಲ್ಕು ಪೌಚ್‌ಗಳ ಸರಾಸರಿ ಅಷ್ಟು ಓಲಾಡುವುದಿಲ್ಲ, ಒಂದರ ಹೆಚ್ಚು ಇನ್ನೊಂದರ ಕಡಿಮೆಯನ್ನು ತುಂಬಿಕೊಡುತ್ತದೆ. ಎಷ್ಟು ಕಡಿಮೆಯಾಗುತ್ತದೆ ಎಂದರೆ ಪೌಚ್‌ಗಳ ಸಂಖ್ಯೆಯ ವರ್ಗಮೂಲದಷ್ಟು. ನಾಲ್ಕರ ವರ್ಗಮೂಲ 2, ಹಾಗಾಗಿ ಸರಾಸರಿಯ ಓಲಾಟ 4 ÷ 2 = 2 ಗ್ರಾಂ. ಇದಕ್ಕೆ ಮಾನಕ ದೋಷ ಎನ್ನುತ್ತಾರೆ.

ಯಂತ್ರ ಸರಿ ಇದ್ದಾಗ ಸರಾಸರಿಗಳು 504ರ ಸುತ್ತ ಇರುತ್ತವೆ. ನಮ್ಮ ಗೆರೆ 501, ಅಂದರೆ 3 ಗ್ರಾಂ ಕೆಳಗೆ, ಅಂದರೆ ಒಂದೂವರೆ ಮಾನಕ ದೋಷದಷ್ಟು ಕೆಳಗೆ. ಘಂಟಾಕಾರದ ವಕ್ರರೇಖೆಯಲ್ಲಿ ಅಷ್ಟು ಕೆಳಗೆ ಬೀಳುವ ಪಾಲು 6.7%. ಇದು ಆಲ್ಫಾ. ಯಂತ್ರ 500ಕ್ಕೆ ಇಳಿದಿದ್ದರೆ ಅದೇ 501ರ ಗೆರೆ ಈಗ ಅರ್ಧ ಮಾನಕ ದೋಷದಷ್ಟು ಮೇಲಿದೆ. ಆ ಗೆರೆಗಿಂತ ಮೇಲೆ ಉಳಿದು ಪಾಸಾಗಿಬಿಡುವ ಪಾಲು 31%. ಇದು ಬೀಟಾ. ಕಂಪ್ಯೂಟರಿನ ಸ್ಪ್ರೆಡ್‌ಶೀಟ್‌ನಲ್ಲಿ ಎರಡೇ ಸಾಲು:

```
=NORM.DIST(501, 504, 2, TRUE)
=1-NORM.DIST(501, 500, 2, TRUE)
```

ಮೊದಲನೆಯದು 0.0668 ಕೊಡುತ್ತದೆ, ಎರಡನೆಯದು 0.3085. ಎರಡೂ ಸಾಲಿನಲ್ಲಿ ಗೆರೆ ಒಂದೇ, ಬದಲಾದದ್ದು ಯಂತ್ರದ ಸರಾಸರಿ ಮಾತ್ರ.

31% ಎಂದು ಕೇಳಿದಾಗ ಮಾಲೀಕರು ಬೆಚ್ಚುವುದು ಸಹಜ. ಯಂತ್ರ ಕೆಟ್ಟಿದ್ದಾಗಲೂ ಹತ್ತರಲ್ಲಿ ಮೂರು ಸಲ ಪರೀಕ್ಷೆ "ಎಲ್ಲ ಸರಿ" ಎಂದೇ ಹೇಳುತ್ತದೆ. ರಿಜಿಸ್ಟರಿನಲ್ಲಿ ಅಂದವಾಗಿ ಬರೆದ ತೂಕಗಳನ್ನು ನೋಡಿ ಇದನ್ನು ಯಾರೂ ಊಹಿಸಲಾರರು.

ಗೆರೆಯನ್ನು ಸ್ವಲ್ಪ ಸರಿಸಿದರೆ ಆಯಿತಲ್ಲ?

ಸರಿಸಿ ನೋಡೋಣ. ಗೆರೆಯನ್ನು 502ಕ್ಕೆ ಏರಿಸಿದರೆ ಕೆಟ್ಟ ಯಂತ್ರ ತಪ್ಪಿಸಿಕೊಳ್ಳುವ ಸಂಭವ 31%ರಿಂದ 16%ಕ್ಕೆ ಇಳಿಯುತ್ತದೆ, ಆದರೆ ಸರಿಯಿರುವ ಯಂತ್ರವನ್ನು ಸುಮ್ಮನೆ ನಿಲ್ಲಿಸುವ ಸಂಭವ 6.7%ರಿಂದ 16%ಕ್ಕೆ ಏರುತ್ತದೆ. ಗೆರೆಯನ್ನು 500ಕ್ಕೆ ಇಳಿಸಿದರೆ ಸುಮ್ಮನೆ ನಿಲ್ಲಿಸುವುದು 2.3%ಕ್ಕೆ ಬರುತ್ತದೆ, ಆದರೆ ಕೆಟ್ಟ ಯಂತ್ರ ಸರಿಯಾಗಿ ಅರ್ಧದಷ್ಟು ಸಲ ತಪ್ಪಿಸಿಕೊಳ್ಳುತ್ತದೆ. ಇನ್ನೂ ಕೆಳಗೆ, 498ಕ್ಕೆ ಹೋದರೆ ಸುಳ್ಳು ಎಚ್ಚರಿಕೆ ಬಹುತೇಕ ಇಲ್ಲವೇ ಇಲ್ಲ, ಸಾವಿರದಲ್ಲಿ ಒಂದೆರಡು. ಆದರೆ ಕೆಟ್ಟ ಯಂತ್ರವನ್ನು ಹಿಡಿಯುವುದು ಗಂಟೆಗೆ 16% ಮಾತ್ರ. ಸರಾಸರಿ ಆರು ಗಂಟೆಗಿಂತ ಹೆಚ್ಚು ಕಾಲ ಅದು ಹಾಗೇ ಓಡುತ್ತಿರುತ್ತದೆ.

ಈ ಕೊನೆಯ ಗೆರೆ ನಾನು ಮನಸ್ಸಿಗೆ ಬಂದಂತೆ ಆರಿಸಿದ್ದಲ್ಲ. ಸರಾಸರಿಯಿಂದ ಮೂರು ಮಾನಕ ದೋಷದಷ್ಟು ದೂರದಲ್ಲಿ ಗೆರೆ ಎಳೆಯುವುದು, ಸರಾಸರಿಗಳನ್ನು ಹೊತ್ತಿನ ಕ್ರಮದಲ್ಲಿ ಗುರುತಿಸುತ್ತಾ ಹೋಗುವ ನಿಯಂತ್ರಣ ಪಟದ ಪ್ರಸಿದ್ಧ ಪದ್ಧತಿ. ಅಮೆರಿಕದ ವಾಲ್ಟರ್ ಶೂಹಾರ್ಟ್ 1924ರಲ್ಲಿ ಮೊದಲ ನಿಯಂತ್ರಣ ಪಟವನ್ನು ಬರೆದು ತೋರಿಸಿದವರು. ನಮ್ಮ ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ ಅವರ ಆಹ್ವಾನದ ಮೇರೆಗೆ 1947-48ರಲ್ಲಿ ಅವರು ಭಾರತಕ್ಕೂ ಬಂದಿದ್ದರು. ಅವರ ಪಟ ಸುಳ್ಳು ಎಚ್ಚರಿಕೆಯನ್ನು ತುಂಬ ಅಪರೂಪವಾಗಿಸುತ್ತದೆ, ಅದು ಅದರ ದೊಡ್ಡ ಗುಣ. ಅದರ ಬೆಲೆ ಎಂದರೆ ಸಣ್ಣ ಕುಸಿತ ಬೇಗ ಕಾಣುವುದಿಲ್ಲ. ಪಠ್ಯದಲ್ಲಿ ಮೂರು ಸಿಗ್ಮಾ ಎಂದು ಕರೆಯುವ ಈ ಗೆರೆಯನ್ನು ತಂದು ಗೋಡೆಗೆ ಅಂಟಿಸುವವರಿಗೆ ಈ ಬೆಲೆ ಗೊತ್ತಿರಬೇಕು.

ಹಾಗಾದರೆ ಎರಡೂ ತಪ್ಪನ್ನು ಒಟ್ಟಿಗೆ ಇಳಿಸಲು ದಾರಿಯೇ ಇಲ್ಲವೆ?

ಇದೆ, ಆದರೆ ಗೆರೆಯಲ್ಲಿ ಇಲ್ಲ. ಗೆರೆ ಸರಿಸಿದಾಗ ಒಂದು ತಪ್ಪು ಇನ್ನೊಂದಾಗಿ ಬದಲಾಗುತ್ತದೆ, ಅಷ್ಟೇ. ಎರಡೂ ಇಳಿಯಬೇಕಾದರೆ ಸರಾಸರಿಯ ಓಲಾಟವೇ ಇಳಿಯಬೇಕು.

ಒಂದು ದಾರಿ ಹೆಚ್ಚು ಪೌಚ್ ತೂಗುವುದು. ನಾಲ್ಕರ ಬದಲು ಒಂಬತ್ತು ತೂಗಿ ಗೆರೆಯನ್ನು 502ರಲ್ಲಿ ಇಟ್ಟರೆ ಎರಡೂ ತಪ್ಪು 6.7%. ಹದಿನಾರು ತೂಗಿದರೆ ಓಲಾಟ 1 ಗ್ರಾಂಗೆ ಇಳಿದು, ಅದೇ 502ರ ಗೆರೆಯಲ್ಲಿ ಎರಡೂ ತಪ್ಪು 2.3%. ನಾಲ್ಕು ಪೌಚ್ ತೂಗುತ್ತಿದ್ದಾಗ ಇದೇ ಗೆರೆಯಲ್ಲಿ ಎರಡೂ 16% ಇದ್ದವು ಎಂಬುದನ್ನು ನೆನಪಿಡಿ. ಆದರೆ ಒಂದು ಪೌಚ್ ತೂಗಿ ಬರೆಯಲು ಇಪ್ಪತ್ತು ಸೆಕೆಂಡ್ ಹಿಡಿದರೆ ಹದಿನಾರಕ್ಕೆ ಐದು ನಿಮಿಷ ದಾಟುತ್ತದೆ, ಪ್ರತಿ ಗಂಟೆಯೂ.

ಇನ್ನೊಂದು ದಾರಿ ಯಂತ್ರದ ಓಲಾಟವನ್ನೇ ಇಳಿಸುವುದು, ನನಗೆ ಹೆಚ್ಚು ಮೆಚ್ಚುಗೆಯಾದ ದಾರಿ ಇದು. ಮಾನಕ ವಿಚಲನೆ 4ರಿಂದ 2 ಗ್ರಾಂಗೆ ಬಂದರೆ ನಾಲ್ಕು ಪೌಚಿನ ಸರಾಸರಿಯೇ 1 ಗ್ರಾಂ ಓಲಾಡುತ್ತದೆ. ಹದಿನಾರು ತೂಗಿದಷ್ಟೇ ಫಲ, ಒಂದು ಸೆಕೆಂಡೂ ಹೆಚ್ಚಿಗೆ ಹೋಗುವುದಿಲ್ಲ. ಬೀಜ ಸುರಿಯುವ ಕಂಪನ ತಟ್ಟೆಯ ವೇಗ ಹೊಂದಿಸುವುದು, ಕೊನೆಯ ಕೆಲವು ಗ್ರಾಂ ನಿಧಾನವಾಗಿ ಬೀಳುವಂತೆ ಮಾಡುವುದು, ತೂಕದ ಬಕೆಟ್‌ಗೆ ಅಂಟಿದ ಪುಡಿ ಒರೆಸುವುದು ಇವೆಲ್ಲ ಮೆಕ್ಯಾನಿಕ್‌ನ ಕೆಲಸ ಎಂದು ನಾವು ಬದಿಗಿಡುತ್ತೇವೆ. ನಿಜದಲ್ಲಿ ಅವು ಪರೀಕ್ಷೆಯ ಎರಡೂ ತಪ್ಪನ್ನು ಇಳಿಸುವ ಕೆಲಸಗಳು.

ಎರಡರಲ್ಲಿ ಯಾವುದು ಹೆಚ್ಚು ನಷ್ಟ? ಗ್ರಾಹಕರಿಗೆ ಮೋಸವಾಗುವ ಎರಡನೆಯದೇ ಅಲ್ಲವೆ?

ಎಲ್ಲರೂ ಹಾಗೇ ಹೇಳುತ್ತಾರೆ. ಎರಡನೆಯದು ಸಣ್ಣದಲ್ಲ, ನಿಜ. ಸರಾಸರಿ 500ಕ್ಕೆ ಇಳಿದರೆ ಅರ್ಧದಷ್ಟು ಪೌಚ್, ಗಂಟೆಗೆ 300, ಅಚ್ಚಾದ ತೂಕಕ್ಕಿಂತ ಕಡಿಮೆ. 2011ರ ಲೀಗಲ್ ಮೆಟ್ರಾಲಜಿ ನಿಯಮಗಳ ಪ್ರಕಾರ 500 ಗ್ರಾಂ ಪೊಟ್ಟಣದಲ್ಲಿ ಒಂದೊಂದಕ್ಕೆ 15 ಗ್ರಾಂವರೆಗಿನ ಕೊರತೆಗೆ ಅವಕಾಶವಿದೆ, ಆದರೆ ಅಧಿಕಾರಿಗಳು ತೆಗೆದ ಮಾದರಿಯ ಸರಾಸರಿ ಅಚ್ಚಾದ ತೂಕಕ್ಕಿಂತ ಕಡಿಮೆ ಇರಬಾರದು. ಯಂತ್ರ ಸರಿಯಾಗಿ 500ರಲ್ಲಿ ನಿಂತಿದ್ದರೆ ಆ ಸರಾಸರಿ ಕೆಳಗೆ ಬೀಳುವ ಸಂಭವ ಅರ್ಧಕ್ಕರ್ಧ.

ಮೊದಲನೆಯದರ ನಷ್ಟವನ್ನು ಮಾತ್ರ ಜನ ತಪ್ಪಾಗಿ ಎಣಿಸುತ್ತಾರೆ. ಯಂತ್ರ ಹದಿನೈದು ನಿಮಿಷ ನಿಂತದ್ದಷ್ಟೇ ನಷ್ಟ ಎಂದು ಭಾವಿಸುತ್ತಾರೆ. ನಿಂತ ಮೇಲೆ ಏನು ಮಾಡಿದರು ಎಂದು ಕೇಳಿ. ಸರಾಸರಿ 500.5 ಬಂತು, ಗುರಿ 504, ಆಪರೇಟರ್ ಗುಂಡಿ ಒತ್ತಿ 3.5 ಗ್ರಾಂ ಏರಿಸಿದ. ಯಂತ್ರ ನಿಜವಾಗಿ ಇಳಿದಿರಲೇ ಇಲ್ಲ, ಹಾಗಾಗಿ ಈಗ ಅದರ ಸರಾಸರಿ 507.5. ಪ್ರತಿ ಪೌಚಿನಲ್ಲಿ 3.5 ಗ್ರಾಂ ಹೆಚ್ಚಿಗೆ ಹೋಗುತ್ತದೆ. ಗಂಟೆಗೆ 2.1 ಕಿಲೋ, ಎಂಟು ಗಂಟೆಯ ಶಿಫ್ಟ್‌ನಲ್ಲಿ 16.8 ಕಿಲೋ. ಕಿಲೋಗೆ 800 ರೂಪಾಯಿ ಎಂದಿಟ್ಟುಕೊಂಡರೆ ಒಂದು ಶಿಫ್ಟಿಗೆ 13,440 ರೂಪಾಯಿ.

ಇದಕ್ಕಿಂತ ದೊಡ್ಡ ತೊಂದರೆ ಏನೆಂದರೆ ನಮ್ಮ ನಿಯಮ ಕೆಳಗಿನ ಕುಸಿತವನ್ನು ಮಾತ್ರ ನೋಡುತ್ತದೆ. 507.5ರಲ್ಲಿ ಓಡುವ ಯಂತ್ರ ಪರೀಕ್ಷೆಯಲ್ಲಿ ಗಂಟೆ ಗಂಟೆಗೂ ಚೆನ್ನಾಗಿ ಪಾಸಾಗುತ್ತದೆ. ಸುಳ್ಳು ಎಚ್ಚರಿಕೆಯಿಂದ ಹುಟ್ಟಿದ ನಷ್ಟವನ್ನು ಹಿಡಿಯುವ ಕಣ್ಣೇ ಆ ಪರೀಕ್ಷೆಗಿಲ್ಲ. ಮೇಲೂ ಒಂದು ಗೆರೆ, 507ರಲ್ಲಿ, ಇಡಬಹುದು. ಆಗ ಸುಳ್ಳು ಎಚ್ಚರಿಕೆ ಎರಡೂ ಬದಿಯಿಂದ ಸೇರಿ 13%ಕ್ಕೆ ಏರುತ್ತದೆ ಎಂಬುದು ಲೆಕ್ಕದಲ್ಲಿರಲಿ.

ಆಲ್ಫಾ 6.7% ಎಂದರೆ, ಎಚ್ಚರಿಕೆ ಬಂದಾಗ ಯಂತ್ರ ಕೆಟ್ಟಿರುವ ಸಂಭವ 93% ತಾನೆ?

ಅಲ್ಲ. ಇಡೀ ವಿಷಯದಲ್ಲಿ ಅತಿ ಹೆಚ್ಚು ಜನ ಎಡವುವ ಜಾಗ ಇದು. ಆಲ್ಫಾ ಹೇಳುವುದು "ಯಂತ್ರ ಸರಿಯಿದ್ದರೆ ಎಷ್ಟು ಸಲ ಎಚ್ಚರಿಕೆ ಬರುತ್ತದೆ" ಎಂದು. ನೀವು ಕೇಳುತ್ತಿರುವುದು "ಎಚ್ಚರಿಕೆ ಬಂದಿದ್ದರೆ ಎಷ್ಟು ಸಲ ಯಂತ್ರ ಸರಿಯಿರುತ್ತದೆ" ಎಂದು. ಎರಡನೆಯದಕ್ಕೆ ಉತ್ತರಿಸಲು ಯಂತ್ರ ಎಷ್ಟು ಸಲ ಕೆಡುತ್ತದೆ ಎಂಬುದೂ ಗೊತ್ತಿರಬೇಕು.

ನೂರು ಗಂಟೆ ತೆಗೆದುಕೊಳ್ಳಿ. ಅದರಲ್ಲಿ ಐದು ಗಂಟೆ ಯಂತ್ರ 500ಕ್ಕೆ ಇಳಿದಿರುತ್ತದೆ, ತೊಂಬತ್ತೈದು ಗಂಟೆ ಸರಿಯಾಗಿರುತ್ತದೆ ಎಂದಿಟ್ಟುಕೊಳ್ಳೋಣ. ಸರಿಯಾಗಿದ್ದ 95 ಗಂಟೆಯಲ್ಲಿ 6.7% ಸಲ, ಅಂದರೆ ಆರಕ್ಕಿಂತ ತುಸು ಹೆಚ್ಚು ಸುಳ್ಳು ಎಚ್ಚರಿಕೆ. ಕೆಟ್ಟಿದ್ದ 5 ಗಂಟೆಯಲ್ಲಿ 69% ಸಲ, ಅಂದರೆ ಸುಮಾರು ಮೂರೂವರೆ ನಿಜವಾದ ಎಚ್ಚರಿಕೆ. ಒಟ್ಟು ಹತ್ತರಷ್ಟು ಎಚ್ಚರಿಕೆಗಳಲ್ಲಿ ನಿಜವಾದವು ಮೂರನೇ ಒಂದು ಭಾಗ ಮಾತ್ರ.

ಪ್ಯಾಕಿಂಗ್ ಹಾಲ್‌ನಲ್ಲಿ ಇದರ ಪರಿಣಾಮ ಸ್ಪಷ್ಟವಾಗಿ ಕಾಣುತ್ತದೆ. "ಅಕ್ಕಾ, ಮೊನ್ನೆಯೂ ನಿಲ್ಲಿಸಿದಿರಿ, ಏನೂ ಇರಲಿಲ್ಲ, ಇವತ್ತು ಓಡಲಿ ಬಿಡಿ" ಎಂದು ಆಪರೇಟರ್ ಹೇಳಲು ಶುರು ಮಾಡುತ್ತಾನೆ. ಅವನ ಮಾತಿನಲ್ಲಿ ಸೋಮಾರಿತನ ಹುಡುಕಬೇಡಿ. ಮೂರರಲ್ಲಿ ಎರಡು ಸಲ ಅವನ ಅನುಭವ ಸರಿಯೇ. ನಿಯಮವೇ ಹಾಗಿದೆ, ಬದಲಾಗಬೇಕಾದದ್ದು ನಿಯಮ.

ಹಾಗಿದ್ದರೆ ಎಚ್ಚರಿಕೆ ಬಂದಾಗ ಮತ್ತೆ ತೂಗಿ ನೋಡಬಹುದೇ?

ನೋಡಬಹುದು, ನೋಡಲೇಬೇಕು. ಆದರೆ ಹೇಗೆ ಎಂಬುದರಲ್ಲಿ ಎಲ್ಲ ಇದೆ.

ತಪ್ಪು ವಿಧಾನ ಮೊದಲು ಹೇಳುತ್ತೇನೆ, ಬಹಳ ಕಡೆ ನಡೆಯುವುದು ಇದೇ. ನಾಲ್ಕು ಪೌಚ್ ಫೇಲಾದರೆ ಇನ್ನು ನಾಲ್ಕು ತೂಗುವುದು, ಅದೂ ಫೇಲಾದರೆ ಮತ್ತೆ ನಾಲ್ಕು, ಎಲ್ಲಾದರೂ ಒಮ್ಮೆ ಪಾಸಾದರೆ ಅದನ್ನೇ ರಿಜಿಸ್ಟರಿನಲ್ಲಿ ಬರೆಯುವುದು. ಮೂರು ಅವಕಾಶ ಕೊಟ್ಟರೆ ಕೆಟ್ಟ ಯಂತ್ರ ಮೂರೂ ಸಲ ಸಿಕ್ಕಿಬೀಳುವ ಸಂಭವ 0.69ನ್ನು ಮೂರು ಸಲ ಗುಣಿಸಿದಷ್ಟು, ಸುಮಾರು 33%. ಅಂದರೆ ತಪ್ಪಿಸಿಕೊಳ್ಳುವ ಸಂಭವ 31%ರಿಂದ 67%ಕ್ಕೆ ಜಿಗಿಯಿತು. ರಿಜಿಸ್ಟರಿನಲ್ಲಿ ಆಲ್ಫಾ, ಬೀಟಾ ಏನೇ ಬರೆದಿದ್ದರೂ ನಿಜವಾಗಿ ನಡೆಯುತ್ತಿರುವ ಪರೀಕ್ಷೆ ಬೇರೆಯೇ.

ಸರಿಯಾದ ವಿಧಾನದಲ್ಲಿ ಎರಡನೇ ಹಂತವನ್ನು ಮೊದಲೇ ಬರೆದಿಟ್ಟಿರುತ್ತಾರೆ, ಮತ್ತು ಅದು ಮೊದಲ ಹಂತಕ್ಕಿಂತ ತೀಕ್ಷ್ಣವಾಗಿರುತ್ತದೆ. ನಾಲ್ಕು ಪೌಚಿನ ಸರಾಸರಿ 501ಕ್ಕಿಂತ ಕಡಿಮೆ ಬಂದರೆ ಗುಂಡಿ ಮುಟ್ಟದೆ ಹೊಸದಾಗಿ ಹದಿನಾರು ಪೌಚ್ ತೂಗಿ. ಅವುಗಳ ಸರಾಸರಿ 502ಕ್ಕಿಂತ ಕಡಿಮೆಯಿದ್ದರೆ ಮಾತ್ರ ಯಂತ್ರ ಸರಿಪಡಿಸಿ. ಮೊದಲಿನ ನಾಲ್ಕನ್ನು ಈ ಹದಿನಾರಕ್ಕೆ ಸೇರಿಸಬಾರದು. ಅವು ಹಗುರವಾಗಿದ್ದುದರಿಂದಲೇ ನಾವು ಇಲ್ಲಿಗೆ ಬಂದೆವು, ಅವನ್ನು ಸೇರಿಸಿದರೆ ಫಲಿತಾಂಶ ಕೆಳಕ್ಕೆ ವಾಲುತ್ತದೆ.

ಹಿಂದಿನ ನೂರು ಗಂಟೆಯ ಲೆಕ್ಕವನ್ನೇ ಮುಂದುವರಿಸಿ. ಆರು ಚಿಲ್ಲರೆ ಸುಳ್ಳು ಎಚ್ಚರಿಕೆಗಳಲ್ಲಿ ಎರಡನೇ ಹಂತ ದಾಟುವುದು 2.3% ಮಾತ್ರ, ಬಹುತೇಕ ಸೊನ್ನೆ. ಮೂರೂವರೆ ನಿಜವಾದ ಎಚ್ಚರಿಕೆಗಳಲ್ಲಿ ಸುಮಾರು 98% ಉಳಿಯುತ್ತವೆ. ಬೀಟಾ 31%ರಿಂದ 32%ಕ್ಕೆ ಏರಿತು, ಅಷ್ಟೇ. ಹದಿನಾರು ಪೌಚ್ ತೂಗುವ ಐದು ನಿಮಿಷದ ಕೆಲಸ ಪ್ರತಿ ಗಂಟೆಯ ಬದಲು ನೂರು ಗಂಟೆಯಲ್ಲಿ ಹತ್ತು ಸಲ ಮಾತ್ರ ಬರುತ್ತದೆ. ಇಂಥ ಸಣ್ಣ ಘಟಕಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ನನಗೆ ತೋಚುವುದಿಲ್ಲ.

ಒಂದು ಶಿಫ್ಟ್‌ನಲ್ಲಿ ಎಂಟು ಸಲ ಪರೀಕ್ಷೆ ನಡೆಯುತ್ತದೆ. ಅದರಿಂದ ಏನಾದರೂ ಬದಲಾಗುತ್ತದೆಯೇ?

ಎರಡೂ ದಿಕ್ಕಿನಲ್ಲಿ ಬದಲಾಗುತ್ತದೆ. ಯಂತ್ರ ಇಡೀ ದಿನ ಸರಿಯಾಗಿದ್ದರೂ ಎಂಟರಲ್ಲಿ ಒಂದಾದರೂ ಸುಳ್ಳು ಎಚ್ಚರಿಕೆ ಬರುವ ಸಂಭವ 42%ಕ್ಕೆ ಹತ್ತಿರ. ಒಂದೊಂದು ಪರೀಕ್ಷೆಯ 6.7% ಸಣ್ಣದಾಗಿ ಕಂಡರೂ ದಿನದ ಲೆಕ್ಕದಲ್ಲಿ ಅದು ಸಣ್ಣದಲ್ಲ. ಮತ್ತೊಂದು ಕಡೆ, ಕೆಟ್ಟ ಯಂತ್ರ ಒಂದು ಗಂಟೆ ತಪ್ಪಿಸಿಕೊಂಡರೂ ಮುಂದಿನ ಗಂಟೆ ಮತ್ತೆ ಪರೀಕ್ಷೆಗೆ ಬರುತ್ತದೆ. ಎರಡು ಗಂಟೆಯೂ ತಪ್ಪಿಸಿಕೊಳ್ಳುವ ಸಂಭವ 10%ಕ್ಕಿಂತ ಕಡಿಮೆ, ಮೂರು ಗಂಟೆಯೂ ತಪ್ಪಿಸಿಕೊಳ್ಳುವುದು 3%. ಪರೀಕ್ಷೆಯನ್ನು ಪದೇ ಪದೇ ಮಾಡುವ ಕಡೆ "ಎಷ್ಟು ಶೇಕಡಾ" ಎಂದು ಕೇಳುವುದಕ್ಕಿಂತ "ಎಷ್ಟು ಗಂಟೆಗೊಂದು ಸುಳ್ಳು ಎಚ್ಚರಿಕೆ, ಎಷ್ಟು ಗಂಟೆಯಲ್ಲಿ ನಿಜವಾದ ಕುಸಿತ ಸಿಗುತ್ತದೆ" ಎಂದು ಕೇಳುವುದು ಉಪಯೋಗ. ನಮ್ಮ ನಿಯಮಕ್ಕೆ ಉತ್ತರ: ಹದಿನೈದು ಗಂಟೆಗೊಂದು ಸುಳ್ಳು, ಕುಸಿತ ಸಿಗಲು ಸರಾಸರಿ ಒಂದೂವರೆ ಪರೀಕ್ಷೆ.

ಎಚ್ಚರಿಕೆ ಬರಲಿಲ್ಲ ಎಂದರೆ ಯಂತ್ರ ಸರಿಯಿದೆ ಎಂದು ಬರೆಯಬಹುದೇ?

"ಕುಸಿತ ಕಾಣಲಿಲ್ಲ" ಎಂದು ಬರೆಯಿರಿ. ಕಾಣುವಷ್ಟು ದೊಡ್ಡ ಕುಸಿತವೇ ಎಂಬುದು ಬೇರೆ ಪ್ರಶ್ನೆ. ಇಲ್ಲಿಯವರೆಗೆ ಬೀಟಾ 31% ಎಂದದ್ದು ಯಂತ್ರ 500ಕ್ಕೆ ಇಳಿದಾಗ ಮಾತ್ರ. ಅದು 502ಕ್ಕೆ ಇಳಿದಿದ್ದರೆ ನಮ್ಮ ಪರೀಕ್ಷೆ 69% ಸಲ ಅದನ್ನು ಕಾಣದೆ ಬಿಡುತ್ತದೆ. 498ಕ್ಕೆ ಇಳಿದಿದ್ದರೆ ಬಿಡುವುದು 6.7% ಮಾತ್ರ. ಆಲ್ಫಾ ಒಂದೇ ಅಂಕಿ, ಬೀಟಾ ಒಂದು ವಕ್ರರೇಖೆ: ಕುಸಿತ ಎಷ್ಟು ದೊಡ್ಡದೋ ಬೀಟಾ ಅಷ್ಟು ಸಣ್ಣದು. ಆದ್ದರಿಂದ ಯಾರಾದರೂ "ನಮ್ಮ ಪರೀಕ್ಷೆಯ ಬೀಟಾ 10%" ಎಂದರೆ "ಎಷ್ಟು ಗ್ರಾಂ ಕುಸಿತಕ್ಕೆ?" ಎಂದು ಕೇಳಿ. ಉತ್ತರ ಬರದಿದ್ದರೆ ಆ 10%ಕ್ಕೆ ಅರ್ಥವಿಲ್ಲ.

ನಿಯಮ ಬದಲಿಸಿಲ್ಲ, ಆದರೂ ಕೆಲವು ದಿನ ಎಚ್ಚರಿಕೆಗಳ ಸುರಿಮಳೆ. ಏಕೆ?

ಗ್ರೇಡ್ ಬದಲಾಗಿದೆಯೇ ನೋಡಿ. ಡಬ್ಲ್ಯೂ320 ಗ್ರೇಡಿನಲ್ಲಿ ಒಂದು ಪೌಂಡಿಗೆ 320ರವರೆಗೆ ಬೀಜ ಬರುತ್ತವೆ, ಒಂದೊಂದು ಸುಮಾರು 1.4 ಗ್ರಾಂ. ಡಬ್ಲ್ಯೂ180ರಲ್ಲಿ ಒಂದು ಬೀಜ ಸುಮಾರು 2.5 ಗ್ರಾಂ. ತೂಕ ಮುಟ್ಟಿದ ಕ್ಷಣದಲ್ಲಿ ಬೀಳುತ್ತಿರುವ ಕೊನೆಯ ಒಂದೆರಡು ಬೀಜಗಳೇ ಏರುಪೇರಿಗೆ ದೊಡ್ಡ ಕಾರಣ, ಹಾಗಾಗಿ ಬೀಜ ದೊಡ್ಡದಾದಂತೆ ಓಲಾಟವೂ ಹೆಚ್ಚು. ದೊಡ್ಡ ಗ್ರೇಡಿಗೆ ಮಾನಕ ವಿಚಲನೆ 6 ಗ್ರಾಂ ಆಯಿತು ಎಂದಿಟ್ಟುಕೊಳ್ಳಿ. ನಾಲ್ಕು ಪೌಚಿನ ಸರಾಸರಿಯ ಓಲಾಟ 3 ಗ್ರಾಂ ಆಗಿ, 501ರ ಗೆರೆ ಈಗ ಒಂದೇ ಮಾನಕ ದೋಷದಷ್ಟು ದೂರ. ಸುಳ್ಳು ಎಚ್ಚರಿಕೆ 6.7%ರಿಂದ 16%ಕ್ಕೆ ಏರುತ್ತದೆ. ಹದಿನೈದು ಗಂಟೆಗೊಮ್ಮೆ ಬರುತ್ತಿದ್ದದ್ದು ಆರು ಗಂಟೆಗೊಮ್ಮೆ ಬರುತ್ತದೆ, ಯಾರೂ ಏನೂ ಮುಟ್ಟದೆ. ಗ್ರೇಡಿಗೊಂದು ಗೆರೆ ಇರಬೇಕು.

ನಮ್ಮ ಯಂತ್ರದ ಮಾನಕ ವಿಚಲನೆ 4 ಎಂದು ತಿಳಿಯುವುದು ಹೇಗೆ?

ಒಂದೇ ಗ್ರೇಡ್ ಓಡುತ್ತಿರುವ ದಿನಗಳ ನಾಲ್ಕು-ನಾಲ್ಕರ ತೂಕಗಳನ್ನು, ಕನಿಷ್ಠ ಇಪ್ಪತ್ತು ಇಪ್ಪತ್ತೈದು ಗುಂಪುಗಳನ್ನು, ತೆಗೆದುಕೊಳ್ಳಿ. ಪ್ರತಿ ಗುಂಪಿನೊಳಗಿನ ಹರಡುವಿಕೆ ಲೆಕ್ಕ ಹಾಕಿ ಅವನ್ನು ಒಗ್ಗೂಡಿಸಿ. ಎಲ್ಲ ತೂಕವನ್ನೂ ಒಂದೇ ರಾಶಿ ಮಾಡಿ ಲೆಕ್ಕ ಹಾಕಿದರೆ ದಿನದಿಂದ ದಿನಕ್ಕೆ ಆದ ಕುಸಿತಗಳೂ ಅದರೊಳಗೆ ಸೇರಿ ಅಂಕಿ ಉಬ್ಬುತ್ತದೆ. ಉಬ್ಬಿದ ಅಂಕಿಯಿಂದ ಗೆರೆ ಎಳೆದರೆ ಅದು ತುಂಬ ಕೆಳಗೆ ಹೋಗಿ, ನಾವು ಹಿಡಿಯಬೇಕಾದ ಕುಸಿತವೇ ತಪ್ಪಿಸಿಕೊಳ್ಳುತ್ತದೆ.

ಪರೀಕ್ಷೆಯಲ್ಲಿ ಆಲ್ಫಾ 5% ಎಂದೇ ಏಕೆ ಇಡುತ್ತಾರೆ?

ರೂಢಿ, ಅಷ್ಟೇ. ಮೊದಲ ಮತ್ತು ಎರಡನೇ ಬಗೆಯ ತಪ್ಪುಗಳ ಸಿದ್ಧಾಂತವನ್ನು ಕಟ್ಟಿದ ಜೆರ್ಝಿ ನೇಮನ್ ಮತ್ತು ಈಗನ್ ಪಿಯರ್ಸನ್ 1933ರ ತಮ್ಮ ಪ್ರಬಂಧದಲ್ಲಿ ಎರಡರ ನಡುವಿನ ಸಮತೋಲನವನ್ನು ಪರೀಕ್ಷೆ ನಡೆಸುವವರಿಗೇ ಬಿಟ್ಟಿದ್ದಾರೆ. ಸರಕಿನ ಲಾಟ್‌ಗಳನ್ನು ಒಪ್ಪುವ ಅಥವಾ ತಿರಸ್ಕರಿಸುವ ಯೋಜನೆಗಳಲ್ಲಿ ಉತ್ಪಾದಕರ ಅಪಾಯ 5%, ಗ್ರಾಹಕರ ಅಪಾಯ 10% ಎಂಬ ಇನ್ನೊಂದು ರೂಢಿ ಇದೆ. ಅವೇ ಆಲ್ಫಾ ಮತ್ತು ಬೀಟಾ. ನಿಮ್ಮ ಕಾರ್ಖಾನೆಯ ಗೆರೆ ನಿಮ್ಮ ನಷ್ಟದ ಲೆಕ್ಕದಿಂದ ಬರಬೇಕು.

ಬೀಟಾ ನಿಜವಾಗಿ ಎಷ್ಟಿದೆ ಎಂದು ಕಾಗದದ ಲೆಕ್ಕ ಬಿಟ್ಟು ತಿಳಿಯಲು ಸಾಧ್ಯವೇ?

ಆಲ್ಫಾ ತಿಳಿಯುವುದು ಸುಲಭ. ಪ್ರತಿ ಎಚ್ಚರಿಕೆಯ ಮುಂದೆ, ಹದಿನಾರು ಪೌಚ್ ತೂಗಿದಾಗ ಏನು ಕಂಡಿತು ಎಂದು ಬರೆಯುತ್ತಾ ಹೋದರೆ ಕೆಲವು ತಿಂಗಳಲ್ಲಿ ಸುಳ್ಳು ಎಚ್ಚರಿಕೆಗಳ ಪ್ರಮಾಣ ಸಿಗುತ್ತದೆ. ಎರಡನೇ ಬಗೆಯ ತಪ್ಪು ಮಾತ್ರ ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ, ಕಾಣದೇ ಹೋದದ್ದನ್ನು ಯಾರೂ ಬರೆದಿಡುವುದಿಲ್ಲ.

ಅದನ್ನು ತಿಳಿಯಲು ಬೇಕೆಂದೇ ಯಂತ್ರವನ್ನು ಕೆಡಿಸಿ ನೋಡಬೇಕು. ಮಾಲೀಕರು ಮತ್ತು ಮೆಕ್ಯಾನಿಕ್ ಇಬ್ಬರೇ ಸೇರಿ ಒಂದು ದಿನ ಗುರಿಯನ್ನು 500ಕ್ಕೆ ಇಳಿಸಿ, ತೂಗುವವರಿಗೆ ಹೇಳದೆ ಬಿಡಲಿ. ಆ ಹೊತ್ತಿನ ಪೌಚ್‌ಗಳನ್ನೆಲ್ಲ ಬೇರೆ ಇಟ್ಟು ಮತ್ತೆ ಒಡೆದು ತುಂಬಬೇಕು, ಒಂದೂ ಹೊರಗೆ ಹೋಗಬಾರದು. ಮೊದಲ ಗಂಟೆಯಲ್ಲೇ ಸಿಕ್ಕಿತೇ, ಎರಡನೆಯದರಲ್ಲೇ ಎಂದು ಬರೆದುಕೊಳ್ಳಿ. ಬೇರೆ ಬೇರೆ ಶಿಫ್ಟ್‌ಗಳಲ್ಲಿ ಹತ್ತಿಪ್ಪತ್ತು ಸಲ ಮಾಡಿದರೆ ಮೊದಲ ಪರೀಕ್ಷೆಯಲ್ಲೇ ಹತ್ತರಲ್ಲಿ ಏಳರ ಆಸುಪಾಸು ಸಿಗಬೇಕು. ನಾಲ್ಕೇ ಸಿಕ್ಕರೆ ಲೆಕ್ಕಕ್ಕೂ ಕೆಲಸಕ್ಕೂ ನಡುವೆ ಏನೋ ಇದೆ: ಪೌಚ್‌ಗಳನ್ನು ಆರಿಸಿ ತೆಗೆಯುತ್ತಿರಬಹುದು, ಫೇಲಾದದ್ದನ್ನು ಮತ್ತೆ ಮತ್ತೆ ತೂಗುತ್ತಿರಬಹುದು, ಖಾಲಿ ಪೌಚಿನ ತೂಕವನ್ನು ಹಳೆಯ ಅಂಕಿಯಿಂದಲೇ ಕಳೆಯುತ್ತಿರಬಹುದು. ನನ್ನ ಪ್ರಕಾರ ಮೊದಲು ನೋಡಬೇಕಾದದ್ದು ಮೂರನೆಯದನ್ನು. ಹೊಸ ರೋಲ್ ಫಿಲ್ಮ್ ಬಂದಾಗ ಪೌಚ್ 1 ಗ್ರಾಂ ಭಾರವಾದರೆ ಪ್ರತಿ ತೂಕವೂ 1 ಗ್ರಾಂ ಹೆಚ್ಚಾಗಿ ಕಾಣುತ್ತದೆ. ಆಗ 501ರಲ್ಲಿದೆ ಎಂದುಕೊಂಡ ಗೆರೆ ನಿಜದಲ್ಲಿ 500ರಲ್ಲಿರುತ್ತದೆ, ಬೀಟಾ 31%ರಿಂದ 50%ಕ್ಕೆ ಹೋಗಿರುತ್ತದೆ. ರೋಲ್ ಬದಲಾದ ಕೂಡಲೇ ಹತ್ತು ಖಾಲಿ ಪೌಚ್ ತೂಗಿ ಸರಾಸರಿಯನ್ನು ತಕ್ಕಡಿಯ ಪಕ್ಕ ಬರೆದು ಅಂಟಿಸಬೇಕು.